ನೂರೆಂಟು ಕಂತು, ನಾಲ್ಕು ಸಾಲು: ಮೊದಲ ಮನೆಗೆ ಜಂಬವಿಲ್ಲದ ಕ್ಯಾಪ್ಶನ್ ಬರೆಯುವುದು ಹೇಗೆ

ಈಚೆಗೆ ನಮ್ಮ ಅಕ್ಕ-ಭಾವ ಕೆಂಗೇರಿ ಕಡೆ ಒಂದು ಫ್ಲ್ಯಾಟ್ ತಗೊಂಡರು. ಎರಡು ರೂಮು, ಅಡುಗೆಮನೆ, ಬಟ್ಟೆ ಒಣಗಿಸೋಕೆ ಒಂದು ಪುಟ್ಟ ಬಾಲ್ಕನಿ. ಗೃಹಪ್ರವೇಶ ಮುಗಿದ ರಾತ್ರಿ ಅಕ್ಕ ನನಗೊಂದು ಮೆಸೇಜ್ ಕಳಿಸಿದಳು. ಫೋಟೋ ಜೊತೆ ಹಾಕೋಕೆ ಅವಳೇ ಬರೆದ ಕ್ಯಾಪ್ಶನ್.

"ಕೊನೆಗೂ ನಮ್ಮ ಬಹು ವರ್ಷಗಳ ಕನಸು ನನಸಾಯಿತು! ಒಂಬತ್ತು ವರ್ಷಗಳ ಕಠಿಣ ಪರಿಶ್ರಮ ಮತ್ತು ತ್ಯಾಗದ ಫಲ. ನಮ್ಮದೇ ಸ್ವಂತ ಪುಟ್ಟ ಗೂಡು. ದೇವರಿಗೂ ಹಿರಿಯರಿಗೂ ಧನ್ಯವಾದ."

ಅದರ ಕೆಳಗೇ ಇನ್ನೊಂದು ಮೆಸೇಜ್: "ಏನೋ ಸರಿ ಇಲ್ಲ ಕಣೋ. ನಾನು ಬರೆದ ಹಾಗೇ ಇಲ್ಲ. ಜಂಬ ಬೇರೆ ಕಾಣುತ್ತೆ."

ಎರಡೂ ನಿಜ. ಆ ಎರಡು ದೂರಿಗೂ ಬೇರು ಒಂದೇ. ಆ ನಾಲ್ಕು ಸಾಲಿನಲ್ಲಿ ಅಕ್ಕನ ಮನೆಯದ್ದು ಅಂತ ಹೇಳಬಹುದಾದ ಒಂದು ವಸ್ತುವೂ ಇಲ್ಲ. ಕನಸು, ಪರಿಶ್ರಮ, ತ್ಯಾಗ, ಫಲ: ಎಲ್ಲ ತೀರ್ಪುಗಳೇ. ನಾವು ಎಷ್ಟು ಕಷ್ಟಪಟ್ಟೆವು ಅನ್ನುವ ತೀರ್ಪನ್ನು ನಾವೇ ಕೊಟ್ಟುಕೊಂಡರೆ ಅದು ಜಂಬ. ಏನಾಯ್ತು ಅಂತ ಹೇಳಿ ತೀರ್ಪನ್ನು ಓದುವವರಿಗೆ ಬಿಟ್ಟರೆ ಅದು ಸುದ್ದಿ. ಅಕ್ಕನ ಆ ಕ್ಯಾಪ್ಶನ್ನನ್ನು ಹೇಗೆ ತಿದ್ದಿದೆವು ಅನ್ನೋದನ್ನೇ ಹಂತಹಂತವಾಗಿ ಇಲ್ಲಿ ಹೇಳ್ತೀನಿ.

ಮೊದಲು: ಉಳಿತಾಯ ನಿಜವಾಗಿ ಎಲ್ಲಿತ್ತು ಅಂತ ಹುಡುಕಿ

ಇದು ಬರವಣಿಗೆಯ ಕೆಲಸ ಅಲ್ಲ, ಲೆಕ್ಕದ ಕೆಲಸ. ಆದರೆ ಇಲ್ಲಿಂದಲೇ ಶುರು ಮಾಡಬೇಕು. ಮನೆಯ ಪೂರ್ತಿ ಬೆಲೆ ನೀವು ಉಳಿಸಿದ್ದಲ್ಲ, ಬಹುಪಾಲು ಬ್ಯಾಂಕಿನದ್ದು. ವರ್ಷಗಟ್ಟಲೆ ಕೂಡಿಟ್ಟಿದ್ದು ಕೈಯಿಂದ ಹಾಕಿದ ಪಾಲು ಮಾತ್ರ.

ಅಕ್ಕನ ಫ್ಲ್ಯಾಟ್ 48 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30ರಿಂದ 75 ಲಕ್ಷದೊಳಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಬೆಲೆಯ 80 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಅಂದರೆ 9 ಲಕ್ಷದ 60 ಸಾವಿರ ಕೈಯಿಂದಲೇ ಹೋಗಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್‌ಗೆ ಏರಿತು. ಎಲ್ಲ ಸೇರಿ ಅವರಿಗೆ ಇನ್ನೂ ಮೂರೂವರೆ ಲಕ್ಷದ ಮೇಲೆ ಬಿತ್ತು. ಒಟ್ಟು ಹದಿಮೂರು ಲಕ್ಷ ಚಿಲ್ಲರೆ. ಅದು ಬಂದದ್ದು ಹೀಗೆ: ತಿಂಗಳಿಗೆ ಆರು ಸಾವಿರದಂತೆ ಒಂಬತ್ತು ವರ್ಷ ಕಟ್ಟಿದ ಆರ್‌ಡಿ ಬಡ್ಡಿ ಸೇರಿ ಎಂಟು ಲಕ್ಷ ದಾಟಿತ್ತು. ಮೂರು ಲಕ್ಷದ ಒಂದು ಚೀಟಿ. ಉಳಿದದ್ದು ಭಾವನ ಪಿಎಫ್.

ಈ ಲೆಕ್ಕದಿಂದ ಒಂದು ರೂಪಾಯಿಯೂ ಕ್ಯಾಪ್ಶನ್ನಿಗೆ ಹೋಗಬಾರದು. ಆದರೂ ಬರೆದಿಟ್ಟುಕೊಳ್ಳಬೇಕು. ಯಾಕಂದರೆ ನಿಮ್ಮ ಉಳಿತಾಯಕ್ಕೆ ಒಂದು ಆಕಾರ ಇದೆ ಅಂತ ಗೊತ್ತಾಗೋದು ಇಲ್ಲೇ. ಅಕ್ಕನದ್ದು ಆರ್‌ಡಿ. ಪ್ರತಿ ತಿಂಗಳು 5ನೇ ತಾರೀಖು. ಒಂಬತ್ತು ವರ್ಷ ಅಂದರೆ ನೂರೆಂಟು ಕಂತು.

ನೂರೆಂಟು! ಲೆಕ್ಕ ಹಾಕಿದಾಗ ನಾವಿಬ್ಬರೂ ನಕ್ಕೆವು. ಜಪಮಾಲೆಯ ಸಂಖ್ಯೆ. ನೂರೆಂಟು ತಾಪತ್ರಯ ಅಂತ ದಿನಾ ಹೇಳುವ ನೂರೆಂಟೂ ಅದೇ. ಎಲ್ಲರ ಲೆಕ್ಕವೂ ಇಷ್ಟು ಚೆನ್ನಾಗಿ ಕೂಡಿ ಬರಲ್ಲ, ಬಿಡಿ. ಆದರೆ ರೂಪಾಯಿಯಲ್ಲದ ಒಂದು ಎಣಿಕೆ ಎಲ್ಲರ ಹತ್ತಿರವೂ ಇರುತ್ತದೆ. ಎಷ್ಟು ಕಂತು, ಎಷ್ಟು ಬಾಡಿಗೆ ಮನೆ, ಹನ್ನೊಂದು ತಿಂಗಳ ಅಗ್ರಿಮೆಂಟ್ ಎಷ್ಟು ಸಲ ಬರೆಸಿದಿರಿ, ಚೀಟಿಯನ್ನು ಎಷ್ಟನೇ ತಿಂಗಳು ಎತ್ತಿದಿರಿ. ಇಂಥ ಎಣಿಕೆ ಕಾಲವನ್ನು ತೋರಿಸುತ್ತದೆ, ಹಣವನ್ನು ತೋರಿಸುವುದಿಲ್ಲ.

ಆಮೇಲೆ: ಒಂದು ಹಾಳೆಯಲ್ಲಿ ವಸ್ತುಗಳನ್ನು ಬರೆಯಿರಿ

ಭಾವನೆ ಬೇಡ, ವಸ್ತು ಮಾತ್ರ. ಆ ವರ್ಷಗಳಲ್ಲಿ ಮನೆಯಲ್ಲಿ ಏನಿತ್ತು, ಏನಿರಲಿಲ್ಲ, ಏನನ್ನು ಮುಂದಕ್ಕೆ ಹಾಕಿದಿರಿ. ಹತ್ತು ನಿಮಿಷ ಸಾಕು. ಗಂಡ ಹೆಂಡತಿ ಬೇರೆ ಬೇರೆ ಕೂತು ಬರೆದರೆ ಇನ್ನೂ ಒಳ್ಳೆಯದು. ಇಬ್ಬರ ಹಾಳೆಯಲ್ಲೂ ಬಂದದ್ದು ಸಾಮಾನ್ಯವಾಗಿ ಗಟ್ಟಿ ಸರಕು.

ಭಾವ ಬರೆದದ್ದು: ಬಿಎಂಟಿಸಿ ಮಾಸಿಕ ಪಾಸು, ಓನರ್ ಮೋಟಾರ್ ಹಾಕೋ ಟೈಮು, ಹಳೆ ಬೈಕು, ಡಬ್ಬಗಳು. ಅಕ್ಕ ಬರೆದದ್ದು: ಆರ್‌ಡಿ ಪಾಸ್‌ಬುಕ್, ಗೋಡೆಗೆ ಮೊಳೆ ಹೊಡೆಯಬಾರದು ಅಂತ ಓನರ್ ಹೇಳಿದ್ದು, ಮಗಳ ಹುಟ್ಟುಹಬ್ಬ ಮನೆಯಲ್ಲೇ ಮಾಡಿದ್ದು, ಅಟ್ಟದ ಮೇಲಿನ ಡಬ್ಬಗಳು.

ಡಬ್ಬ ಎರಡರಲ್ಲೂ ಇತ್ತು. ಏನದು ಅಂತ ಕೇಳಿದೆ. ಮಿಕ್ಸಿ ಬಂದ ರಟ್ಟಿನ ಡಬ್ಬ, ಟಿವಿಯದ್ದು, ಕುಕ್ಕರಿನದ್ದು. ಒಂದನ್ನೂ ಎಸೆದಿರಲಿಲ್ಲ. ಒಳಗಿನ ಥರ್ಮಾಕೋಲ್ ಸಮೇತ ಅಟ್ಟಕ್ಕೆ ಏರಿಸಿ ಇಟ್ಟಿದ್ದರು. ಮುಂದಿನ ಬಾಡಿಗೆ ಮನೆಗೆ ಹೋಗುವಾಗ ಬೇಕಾಗುತ್ತೆ ಅಂತ. ನಾಲ್ಕು ಮನೆ ಬದಲಾಯಿಸಿದರೂ ಡಬ್ಬ ಅವೇ. ಟಿವಿ ಡಬ್ಬದ ಮೂಲೆಗೆ ಮೂರು ಪದರ ಟೇಪು. ಪಕ್ಕದಲ್ಲಿ "ಜೋಪಾನ" ಅಂತ ಭಾವನ ಅಕ್ಷರ. ಹೊಸ ಮನೆಗೆ ಬಂದ ಮಾರನೇ ದಿನ ಎಲ್ಲವನ್ನೂ ಚಪ್ಪಟೆ ಮಾಡಿ ಗುಜರಿಯವನಿಗೆ ಕೊಟ್ಟರಂತೆ.

ಇನ್ನೇನು ಬೇಕು?

ಒಂದನ್ನೇ ಆರಿಸಿ

ಇಲ್ಲಿ ಬಹಳ ಜನ ಎಡವುತ್ತಾರೆ. ಬಸ್ ಪಾಸು, ಬೈಕು, ಹುಟ್ಟುಹಬ್ಬ, ಡಬ್ಬ ಎಲ್ಲವನ್ನೂ ತುಂಬಿದರೆ ಅದು ಕಷ್ಟಗಳ ಪಟ್ಟಿ ಆಗುತ್ತದೆ. ಪಟ್ಟಿ ಮಾಡಿದ ಕಷ್ಟ ಪದಕದ ಹಾಗೆ ಕಾಣುತ್ತದೆ. ಒಂದೇ ವಸ್ತು ಇದ್ದರೆ ಉಳಿದದ್ದನ್ನು ಓದುವವರೇ ಊಹಿಸಿಕೊಳ್ಳುತ್ತಾರೆ.

ಆರಿಸುವಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ತೀನಿ. ಇನ್ನೂ ಬಾಡಿಗೆ ಮನೆಯಲ್ಲಿರುವ ಒಬ್ಬ ಗೆಳೆಯ ಇದನ್ನು ಓದಿ "ನಮ್ಮನೇಲೂ ಹೀಗೇ" ಅಂದಾನಾ? ಡಬ್ಬದ ವಿಷಯದಲ್ಲಿ ಖಂಡಿತ ಅನ್ನುತ್ತಾನೆ, ಅವನ ಅಟ್ಟದ ಮೇಲೂ ಇವೆ. ಎರಡನೆಯದು, ಇದರಲ್ಲಿ ಯಾರಾದರೂ ಕೆಟ್ಟವರಾಗುತ್ತಾರಾ? ಮೊಳೆ ಹೊಡೆಯಬೇಡಿ ಅಂದ ಓನರ್ ವಿಷಯ ಚೆನ್ನಾಗಿದೆ, ಆದರೆ ಅದರಲ್ಲಿ ಸೇಡಿನ ವಾಸನೆ ಇದೆ. ಆ ಓನರ್ ಆಂಟಿ ಗೃಹಪ್ರವೇಶಕ್ಕೆ ಬಂದು ಬಾಳೆಹಣ್ಣಿನ ಚಿಪ್ಪು ಕೊಟ್ಟು ಹೋಗಿದ್ದರು ಬೇರೆ. ಮೊಳೆ ಬಿಟ್ಟೆವು.

ಮಗಳ ಹುಟ್ಟುಹಬ್ಬವನ್ನೂ ಬಿಟ್ಟೆವು. ಮಕ್ಕಳಿಗೆ ಏನನ್ನು ಕೊಡಲಿಲ್ಲ ಅನ್ನೋದನ್ನು ಊರಿಗೆಲ್ಲ ಹೇಳಬಾರದು ಅನ್ನೋದು ನನ್ನ ಅಭಿಪ್ರಾಯ. ಮುಂದೆ ಅವಳೇ ಓದುತ್ತಾಳೆ.

ಕ್ರಿಯಾಪದ: ಕನ್ನಡ ನಿಮ್ಮ ಪರವಾಗಿ ಕೆಲಸ ಮಾಡುವ ಜಾಗ

ಮನೆಯ ಸುದ್ದಿ ಹೇಳುವ ಸಾಲಿನಲ್ಲಿ ಜಂಬ ಕೂರುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

"ಮನೆ ಖರೀದಿಸಿದೆವು" ಅಂದರೆ ಅಂಗಡಿಯ ರಸೀದಿ ಓದಿದ ಹಾಗಿದೆ. "ಮನೆಯ ಒಡೆಯರಾದೆವು" ಅಂದರೆ ಪಟ್ಟಾಭಿಷೇಕ. "ಮನೆ ತಗೊಂಡ್ವಿ" ಸರಳ, ನೇರ, ತಪ್ಪೇನಿಲ್ಲ. ಆದರೆ ನಮ್ಮ ಹಿರಿಯರು ಇದನ್ನೆಲ್ಲ ಹೇಗೆ ಹೇಳುತ್ತಿದ್ದರು ನೆನಪಿಸಿಕೊಳ್ಳಿ. "ಮಗಳ ಮದುವೆ ಆಯ್ತು." "ಒಂದು ಮನೆ ಅಂತ ಆಯ್ತು." ಮಾಡಿದವರು ಯಾರು ಅನ್ನೋದೇ ವಾಕ್ಯದಲ್ಲಿ ಇಲ್ಲ. ಹಗಲೂರಾತ್ರಿ ದುಡಿದವರೂ ಹೀಗೇ ಹೇಳುತ್ತಿದ್ದರು. "ಆಗು" ಅನ್ನುವ ಈ ಒಂದು ಪದ, ಮಾಡಿದವರನ್ನು ಹಿಂದಕ್ಕೆ ಸರಿಸಿ ಕೆಲಸವನ್ನು ಮುಂದೆ ಇಡುತ್ತದೆ.

ಇನ್ನು ಕೊನೆಯಲ್ಲಿ ಅಂಟಿಕೊಳ್ಳುವ ಸಣ್ಣ ಅಕ್ಷರಗಳು. "ನಮ್ಮದೇ ಮನೆ" ಅನ್ನುವಲ್ಲಿ "ಏ" ಉಳಿದವರನ್ನು ಹೊರಗಿಡುತ್ತದೆ, ಬೇರೆಯವರದ್ದಲ್ಲ ಅಂತ. ಒಂದು ಸಲ ಬಂದರೆ ಸಂತೋಷ ಅನ್ನಿಸುತ್ತದೆ. "ನಮ್ಮದೇ ಆದ ಸ್ವಂತ ಮನೆ" ಅಂದಾಗ ಒಂದೇ ಮಾತನ್ನು ಮೂರು ಸಲ ಹೇಳಿ ಮೇಜು ಕುಟ್ಟಿದಂತೆ. ಅದೇ "ನಮಗೂ ಒಂದು ಮನೆ ಆಯ್ತು" ಅನ್ನಿ. ಇಲ್ಲಿ "ಊ" ನಿಮ್ಮನ್ನು ಉಳಿದವರ ಸಾಲಿಗೆ ಸೇರಿಸುತ್ತದೆ. ಎಲ್ಲರಿಗೂ ಆದ ಹಾಗೆ ನಮಗೂ. ಕಾದ ವರ್ಷಗಳು ಕೂಡ ಆ "ಊ" ಒಳಗೇ ಇವೆ. "ಒಂದು" ಅನ್ನುವುದೂ ಅಷ್ಟೆ. ಇಂಥದ್ದು, ಅಂಥದ್ದು ಅಂತಿಲ್ಲ, ಒಂದು ಮನೆ.

"ಕೊನೆಗೂ" ಬಗ್ಗೆ ಎಚ್ಚರ. ಅದರಲ್ಲೂ "ಊ" ಇದೆ, ಆದರೆ ಅದು ಬೇರೆ ಥರ. ಯಾರೋ ಅಡ್ಡ ನಿಂತಿದ್ದರು, ಈಗ ಗೆದ್ದೆವು ಅನ್ನುವ ಧ್ವನಿ ಬರುತ್ತದೆ. ಓದುವವರು ಆ ಅಡ್ಡ ನಿಂತವರು ತಾವೇ ಇರಬಹುದಾ ಅಂತ ಯೋಚಿಸುವ ಹಾಗಾಗಬಾರದು.

"ನಾನು" ಅಥವಾ "ನಾವು"? ಒಬ್ಬರೇ ದುಡಿದು ಒಬ್ಬರ ಹೆಸರಲ್ಲೇ ಮನೆ ಇದ್ದರೆ ಮುಜುಗರವಿಲ್ಲದೆ "ನಾನು" ಅನ್ನಿ. ಒಂಟಿಯಾಗಿ ಸಾಲ ಪಡೆದು ಮನೆ ಮಾಡಿದ ಹೆಣ್ಣುಮಕ್ಕಳು ವಿನಯಕ್ಕೆ ಅಂತ "ನಾವು" ಹಾಕೋದನ್ನು ನೋಡಿದ್ದೀನಿ. ಬೇಡ. ನಿಜಕ್ಕಿಂತ ಕಡಿಮೆ ಹೇಳೋದೂ ಸುಳ್ಳೇ ಅಲ್ವಾ.

ಕತ್ತರಿಸಬೇಕಾದ ಮಾತುಗಳು

ಕನಸು, ಬೆವರು, ತ್ಯಾಗ, ಫಲ ಇವನ್ನೆಲ್ಲ ತೆಗೆದು ಓದಿ. ವಾಕ್ಯ ನಿಂತರೆ ಸರಿ. ನಿಲ್ಲದೆ ಕುಸಿದರೆ ಅದರಲ್ಲಿ ಮೊದಲೇ ಏನೂ ಇರಲಿಲ್ಲ ಅಂತ ಅರ್ಥ. ಅಕ್ಕನ ಮೊದಲ ಕ್ಯಾಪ್ಶನ್ನಿಂದ ಇವನ್ನು ತೆಗೆದಾಗ ಉಳಿದದ್ದು "ಒಂಬತ್ತು ವರ್ಷ" ಒಂದೇ.

"ಪುಟ್ಟ ಗೂಡು" ಇನ್ನೊಂದು ಕಾಟ. ಎರಡು ರೂಮಿನ ಫ್ಲ್ಯಾಟಿಗೆ ಹೇಗೋ ನಡೆಯುತ್ತದೆ. ಮೂರು ಅಂತಸ್ತು, ಗ್ರಾನೈಟ್ ಮೆಟ್ಟಿಲು, ಎರಡು ಕಾರು ನಿಲ್ಲುವ ಜಾಗ ಇರುವ ಮನೆಯ ಫೋಟೋ ಕೆಳಗೂ "ನಮ್ಮ ಪುಟ್ಟ ಗೂಡು" ಅಂತ ಇರುತ್ತದೆ. ಅದನ್ನು ಓದಿದವರು ಮನೆಗಿಂತ ಮೊದಲು ಆ ಮಾತನ್ನೇ ನೋಡಿ ನಗುತ್ತಾರೆ. ನೇರ ಜಂಬವನ್ನಾದರೂ ಕ್ಷಮಿಸಬಹುದು, ವೇಷ ಹಾಕಿದ ಜಂಬ ಜಾಸ್ತಿ ಕಿರಿಕಿರಿ. "ಇಎಂಐ ಕಟ್ಟಿ ಕಟ್ಟಿ ಸಾಯಬೇಕು ಇನ್ಮೇಲೆ" ಅನ್ನುವ ಹುಸಿ ಗೋಳೂ ಇದೇ ಜಾತಿ.

ಸಾಲದ ತಮಾಷೆಗೆ ಮಾತ್ರ ನನಗೂ ಆಸೆ ಆಗಿತ್ತು. ಗೃಹಸಾಲ ತೀರುವವರೆಗೆ ಮೂಲ ಕ್ರಯಪತ್ರ ಬ್ಯಾಂಕಿನಲ್ಲೇ ಇರುತ್ತದಲ್ಲ, ಅದಕ್ಕೆ "ಪತ್ರ ಬ್ಯಾಂಕಲ್ಲಿದೆ, ಬೀಗದ ಕೈ ನಮ್ಮಲ್ಲಿದೆ" ಅಂತ ಒಂದು ಸಾಲು ಕೊನೆಗೆ ಸೇರಿಸಿದೆ. ಭಾವ ಓದಿ, "ಚೆನ್ನಾಗಿದೆ, ಆದ್ರೆ ಇದು ನೀನು ಮಾತಾಡಿದ ಹಾಗಿದೆ" ಅಂದರು. ತೆಗೆದೆ. ಬೇರೆ ಯಾರಿಗಾದರೂ ಬೇಕಾದರೆ ಬಳಸಿಕೊಳ್ಳಿ.

ಧನ್ಯವಾದದ ವಿಷಯ. "ಎಲ್ಲರಿಗೂ ಧನ್ಯವಾದ" ಯಾರಿಗೂ ತಲುಪುವುದಿಲ್ಲ. ಹೇಳುವುದಾದರೆ ಒಬ್ಬರ ಒಂದು ಕೆಲಸ ಹೇಳಿ. "ಅಮ್ಮ ಸರ ಅಡವಿಟ್ಟು ಕೊಟ್ಟರು" ಅನ್ನುವ ಸಾಲು "ಪರಿಶ್ರಮ" ಅನ್ನುವ ಪದಕ್ಕಿಂತ ಗಟ್ಟಿ. ಆದರೆ ಹಾಕುವ ಮೊದಲು ಅಮ್ಮನನ್ನು ಕೇಳಿ. ಸರ ಅಡವಿಗೆ ಹೋದ ವಿಷಯ ಅವರ ತವರಿಗೆ ಗೊತ್ತಿಲ್ಲದೆ ಇರಬಹುದು.

ಸಾಲುಗಳನ್ನು ಜೋಡಿಸುವುದು

ಮನೆಯ ಸುದ್ದಿ ಮೊದಲು ಬಂದರೆ ಆಮೇಲಿನದ್ದೆಲ್ಲ ಸಮರ್ಥನೆ ಆಗುತ್ತದೆ. ವರ್ಷಗಳು ಮೊದಲು ಬಂದು ಮನೆ ಕೊನೆಗೆ ಬಂದರೆ, ಓದುವವರೂ ನಿಮ್ಮ ಜೊತೆ ಒಂದಿಷ್ಟು ಕಾಯುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರದವರೆಗೆ ಬರೆಯಬಹುದು, ಆದರೆ ಪೂರ್ತಿ ಓದಬೇಕೆಂದರೆ ಒತ್ತಬೇಕು. ಮೊದಲಿಗೆ ಕಾಣುವುದು ಒಂದೆರಡು ಸಾಲು ಮಾತ್ರ. ಹಾಗಾಗಿ ಎಣಿಕೆ ಮತ್ತು ವಸ್ತು ಆ ಮೊದಲ ಸಾಲುಗಳಲ್ಲೇ ಇರಲಿ. "ನಿಮ್ಮೆಲ್ಲರ ಜೊತೆ ಒಂದು ಸಂತಸದ ವಿಷಯ ಹಂಚಿಕೊಳ್ಳಲು ಇಚ್ಛಿಸುತ್ತೇನೆ" ಅಂತ ಶುರು ಮಾಡಿದರೆ ಇರುವ ಜಾಗವೆಲ್ಲ ಅಲ್ಲೇ ಖರ್ಚು.

ನಮ್ಮ ಎರಡನೇ ಪ್ರಯತ್ನ ಹೀಗಿತ್ತು: "ಒಂಬತ್ತು ವರ್ಷ, ನಾಲ್ಕು ಬಾಡಿಗೆ ಮನೆ, ನೂರೆಂಟು ಕಂತು, ಅಟ್ಟದ ತುಂಬಾ ಡಬ್ಬ. ಇವತ್ತು ನಮಗೂ ಒಂದು ಮನೆ ಆಯ್ತು." ಕೇಳೋಕೆ ಚೆನ್ನಾಗಿದೆ, ಸಿನಿಮಾ ಪೋಸ್ಟರ್ ಥರ. ತೊಂದರೆ ಅದೇ. ನಾಲ್ಕು ಸಂಗತಿ ಸಾಲಾಗಿ ನಿಂತು ಮತ್ತೆ ಪಟ್ಟಿ ಆಯ್ತು, ಡಬ್ಬ ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಡಬ್ಬಕ್ಕೆ ಅದರ ಕಾರಣ ಬೇಕು. ಕೊನೆಗೆ ಅಕ್ಕ ಹಾಕಿದ್ದು ಇದು:

"ನೂರೆಂಟು ತಿಂಗಳು ಆರ್‌ಡಿ ಕಟ್ಟಿದ್ವಿ. ಅಷ್ಟೂ ತಿಂಗಳು ಮಿಕ್ಸಿ ಡಬ್ಬ, ಟಿವಿ ಡಬ್ಬ ಅಟ್ಟದ ಮೇಲೇ ಇದ್ವು, ಮುಂದಿನ ಬಾಡಿಗೆ ಮನೆಗೆ ಬೇಕಾಗುತ್ತೆ ಅಂತ. ನಿನ್ನೆ ಎಲ್ಲಾ ಗುಜರಿಗೆ ಕೊಟ್ವಿ. ನಮಗೂ ಒಂದು ಮನೆ ಆಯ್ತು."

ಉಳಿತಾಯ ಇದೆ, ಮೊತ್ತ ಇಲ್ಲ. ಕಷ್ಟ ಇದೆ, ಆ ಪದ ಇಲ್ಲ.

ಫೋಟೋ ಕ್ಯಾಪ್ಶನ್ನನ್ನು ಕೆಡಿಸಬಾರದು

ಮಾತು ಇಷ್ಟು ತಗ್ಗಿ ನಡೆದು, ಮೇಲೆ ಇಡೀ ಅಪಾರ್ಟ್‌ಮೆಂಟಿನ ಗೇಟು, ಈಜುಕೊಳ, ಬಿಲ್ಡರ್ ಬೋರ್ಡು ಇದ್ದರೆ ಏನು ಉಪಯೋಗ. ಅಕ್ಕ ಹಾಕಿದ ಫೋಟೋದಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಪಕ್ಕದಲ್ಲಿ ಮಗಳ ಕೈ. ಅಷ್ಟೆ. ಚಪ್ಪಟೆ ಮಾಡಿದ ಡಬ್ಬಗಳ ಫೋಟೋ ಹಾಕಬಹುದಿತ್ತು, ಆದರೆ ಕ್ಯಾಪ್ಶನ್ ಹೇಳಿದ್ದನ್ನೇ ಫೋಟೋ ಮತ್ತೆ ಹೇಳಿದಂತಾಗುತ್ತಿತ್ತು.

ಕ್ರಯಪತ್ರವನ್ನು ಹಿಡಿದು ನಿಂತ ಫೋಟೋ ಮಾತ್ರ ಹಾಕಲೇಬೇಡಿ. ಅದರಲ್ಲಿ ನಿಮ್ಮ ಹೆಬ್ಬೆಟ್ಟು, ವಿಳಾಸ, ಗುರುತಿನ ನಂಬರು, ಬೆಲೆ ಎಲ್ಲವೂ ಇರಬಹುದು. ನೋಂದಣಿ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ಕದ್ದು ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ.

ಒತ್ತುವ ಮುಂಚೆ

ಒಬ್ಬರಿಗೆ ಜೋರಾಗಿ ಓದಿ ಹೇಳಿ. ಮನೆ ಇಲ್ಲದವರಿಗೆ ಹೇಳಿದರೆ ಇನ್ನೂ ಒಳ್ಳೆಯದು. ಇದು ಸುಮ್ನೆ ಹೇಳುವ ಮಾತಲ್ಲ. 2015ರಲ್ಲಿ ಐರೀನ್ ಸ್ಕೋಪೆಲ್ಲಿಟಿ, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ: ತಮ್ಮ ಸಾಧನೆ ಹೇಳಿಕೊಳ್ಳುವವರು ಕೇಳುವವರಿಗೆ ಆಗುವ ಸಂತೋಷವನ್ನು ಜಾಸ್ತಿ ಅಂದಾಜು ಮಾಡುತ್ತಾರೆ, ಕಿರಿಕಿರಿಯನ್ನು ಕಡಿಮೆ ಅಂದಾಜು ಮಾಡುತ್ತಾರೆ. ನಮ್ಮ ಕಿವಿಗೆ ನಮ್ಮ ಜಂಬ ಕೇಳಿಸುವುದಿಲ್ಲ. ಅಕ್ಕ ಸ್ಕೂಲಿನಲ್ಲಿ ಜೊತೆಗೆ ಪಾಠ ಮಾಡುವ ಗೆಳತಿಗೆ ಓದಿ ಹೇಳಿದಳು. ಆಕೆ ನಕ್ಕು, "ನಮ್ಮನೇಲಿ ಫ್ರಿಜ್ ಡಬ್ಬಾನೂ ಇದೆ" ಅಂದರಂತೆ. ಪಾಸಾಯಿತು.

ಯಾವಾಗ ಹಾಕಬೇಕು ಅನ್ನೋದೂ ಕ್ಯಾಪ್ಶನ್ನಿನಷ್ಟೇ ಮುಖ್ಯ. ಅರಿಶಿನ ಕುಂಕುಮ ಕೊಟ್ಟು ಮನೆಗೆ ಹೋಗಿ ಕರೆಯಬೇಕಾದವರು "ಸ್ಟೇಟಸ್ ನೋಡಿ ಗೊತ್ತಾಯ್ತು" ಅನ್ನುವ ಹಾಗಾದರೆ ಎಂಥ ಒಳ್ಳೆಯ ಸಾಲೂ ಉಳಿಯುವುದಿಲ್ಲ. ಕರೆಯುವುದೆಲ್ಲ ಮುಗಿದ ಮೇಲೆ, ಸಾಧ್ಯವಾದರೆ ಗೃಹಪ್ರವೇಶವೂ ಆದ ಮೇಲೆ ಹಾಕಿ. ಕೈಸಾಲ ಕೊಟ್ಟವರಿದ್ದರೆ ಅವರಿಗೆ ಮೊದಲೇ ಫೋನ್ ಮಾಡಿ. ಇನ್ನೂ ವಾಪಸ್ ಕೊಡದ ಐವತ್ತು ಸಾವಿರ ಇರುವಾಗ ಅವರು ಆ ಫೋಟೋ ನೋಡುವ ರೀತಿಯೇ ಬೇರೆ. ದೃಷ್ಟಿ ಆಗುತ್ತೆ ಅಂತ ಅಮ್ಮ ಬೂದುಗುಂಬಳಕಾಯಿ ಒಡೆಯುವವರೆಗೆ ತಡೆದರೆ ಅದಕ್ಕೂ ಹೂಂ ಅನ್ನಿ, ಒಂದು ದಿನದ ಮಾತು.

ಫ್ಯಾಮಿಲಿ ಗ್ರೂಪಿಗೆ ಅದೇ ಕ್ಯಾಪ್ಶನ್ ಬೇಡ. ಅಲ್ಲಿ ಎಲ್ಲರಿಗೂ ಡಬ್ಬದ ಕಥೆ ಗೊತ್ತು. "ಚಿಕ್ಕಪ್ಪ, ಅತ್ತೆ, ಎಲ್ಲರೂ ಬಂದು ನಿಂತು ನಡೆಸಿಕೊಟ್ಟಿರಿ. ಊಟ ಸರಿ ಹೋಯ್ತಾ?" ಅಂದರೆ ಸಾಕು.

ಸೈಟು ಮಾತ್ರ ತಗೊಂಡಿದ್ದರೆ "ಮನೆ" ಅನ್ನಬೇಡಿ, "ಜಾಗ ಆಯ್ತು" ಅನ್ನಿ. ಕಟ್ಟಿದ ಮೇಲೆ ಹೇಳೋಕೆ ಏನಾದರೂ ಉಳಿದಿರಬೇಕು. ಊರಲ್ಲಿ ಅಪ್ಪ-ಅಮ್ಮನಿಗೆ ಅಂತ ಕಟ್ಟಿಸಿದ್ದರೆ ವಾಕ್ಯದಲ್ಲಿ ಅವರು ಮುಂದಿರಲಿ: "ಅಪ್ಪ ಇನ್ನು ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕಿಲ್ಲ."

ಹಾಕಿದ ಮೇಲೆ ಕಾಮೆಂಟಿನಲ್ಲಿ "ಎಷ್ಟಾಯ್ತು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಲ್ಲಿ ಮೊತ್ತ ಬರೆದರೆ ಮೇಲಿನದ್ದೆಲ್ಲ ವ್ಯರ್ಥ. ಉತ್ತರ ಕೊಡದಿದ್ದರೆ ಬಿಗುಮಾನ. ಅಕ್ಕನಿಗೂ ಭಾವನ ಆಫೀಸಿನವರೊಬ್ಬರು ಕೇಳಿದ್ದರು. ಅವಳು ಬರೆದ ಉತ್ತರ: "ಮನೆಗೆ ಬನ್ನಿ ಅಣ್ಣಾ, ಕಾಫಿ ಕುಡೀತಾ ಹೇಳ್ತೀನಿ. ಲೆಕ್ಕದ ಪುಸ್ತಕಾನೂ ತೋರಿಸ್ತೀನಿ." ಮುಂದಿನ ಭಾನುವಾರ ಅವರು ಹೆಂಡತಿ ಜೊತೆ ನಿಜವಾಗಿಯೂ ಬಂದರು. ಅವರೂ ಕೆಂಗೇರಿ ಕಡೆ ಫ್ಲ್ಯಾಟ್ ಹುಡುಕುತ್ತಿದ್ದರಂತೆ.